ಇನ್ನೂರ ಹತ್ತು ಜೋಡಿ

ಬಳ್ಳಾರಿಯ ಒಂದು ಶೇರು ಕಚೇರಿಯಲ್ಲಿ ನಾನು ಹದಿನಾಲ್ಕು ವರ್ಷ ಕೂತೆ. ಕೆಲಸ ಮಾಡಿದೆ ಎನ್ನುವುದಕ್ಕಿಂತ ಕೂತೆ ಎನ್ನುವುದೇ ಸರಿ. ಬೆಳಿಗ್ಗೆ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆದರೆ ಮಧ್ಯಾಹ್ನ ಮೂರೂವರೆಯ ತನಕ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಎರಡು ಫೋನು, ಮೂರು ಬೈಗುಳ. ದೊಡ್ಡ ದಲ್ಲಾಳಿ ಸಂಸ್ಥೆಯೊಂದರ ಸಣ್ಣ ಶಾಖೆ ಅದು. ಗಿರಾಕಿಗಳು ಹೇಳಿದ ಶೇರು ಕೊಳ್ಳುವುದು, ಮಾರುವುದು ನನ್ನ ಕೆಲಸ. ಸಲಹೆ ಕೊಡುವುದು ನನ್ನ ಕೆಲಸವಾಗಿರಲಿಲ್ಲ. ಆದರೆ ಸಲಹೆ ಕೇಳದ ಗಿರಾಕಿಯನ್ನು ನಾನು ಕಂಡಿಲ್ಲ, ಕೇಳಿದಾಗ ಬಾಯಿ ಮುಚ್ಚಿಕೊಂಡಿರುವ ಸ್ವಭಾವ ನನ್ನದಲ್ಲ.

ನನಗೆ ಲೆಕ್ಕದ ಸೊಕ್ಕಿತ್ತು. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅವ್ವ ಟಿವಿ ಹಾಕಿಕೊಂಡು ಕೂತರೆ ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಶೇರುಗಳ ಹಳೆಯ ದರಗಳನ್ನು ಇಳಿಸಿಕೊಳ್ಳುತ್ತಿದ್ದೆ. ಶೇರು ಕೊಳ್ಳಲು ಬಂದವರಿಗೆಲ್ಲ ಎಲ್ಲರೂ ಹೇಳುವ ಮಾತು ಒಂದೇ: ದುಡ್ಡನ್ನು ಒಂದೇ ಕಡೆ ಹಾಕಬೇಡಿ, ಹಂಚಿ. ನನಗೆ ಅಷ್ಟು ಸಾಲುತ್ತಿರಲಿಲ್ಲ. ಹತ್ತು ಬ್ಯಾಂಕಿನ ಶೇರು ಕೊಂಡರೆ ಹಂಚಿದಂತಾಯಿತೇ? ಒಂದು ಏರಿದ ದಿನ ಇನ್ನೊಂದೂ ಏರುತ್ತದೆ, ಇಳಿದ ದಿನ ಇಳಿಯುತ್ತದೆ. ಅವೆರಡರ ನಂಟು ಎಷ್ಟು ಗಟ್ಟಿ ಎಂಬುದನ್ನು ಒಂದು ಅಂಕಿಯಲ್ಲಿ ಹೇಳಬಹುದು. ಒಂದು ಎಂದು ಬಂದರೆ ಎರಡೂ ಕೂಡಿಯೇ ನಡೆಯುತ್ತವೆ. ಸೊನ್ನೆ ಬಂದರೆ ಇದರ ನಡಿಗೆಯಿಂದ ಅದರ ನಡಿಗೆಯನ್ನು ಊಹಿಸಲಾಗದು. ಸೊನ್ನೆಗಿಂತ ಕೆಳಗೆ ಬಂದರೆ ಒಂದು ಏರುವಾಗ ಇನ್ನೊಂದು ಇಳಿಯುವ ಕಡೆಗೆ ವಾಲುತ್ತದೆ. ಇದರ ಹೆಸರು ಕೋರಿಲೇಶನ್. ನಮ್ಮ ಕಚೇರಿಯಲ್ಲಿ ಆ ಪದವನ್ನು ಬಾಯಲ್ಲಿ ಆಡುತ್ತಿದ್ದವಳು ನಾನೊಬ್ಬಳೇ, ಅದರ ಜಂಬವೂ ಇತ್ತು.

ಹಾಗೆ ಜರಡಿ ಹಿಡಿದು ಇಪ್ಪತ್ತೊಂದು ಶೇರುಗಳ ಪಟ್ಟಿ ಮಾಡಿದೆ. ಸೋಪು, ಔಷಧಿ, ಸಿಮೆಂಟು, ಉಕ್ಕು, ಬಣ್ಣ, ಬೈಕು, ಬ್ಯಾಂಕು, ಹೋಟೆಲು, ಮನೆ ಸಾಲ ಕೊಡುವ ಕಂಪನಿ, ಗೊಬ್ಬರ. ಇಪ್ಪತ್ತೊಂದನ್ನು ಒಂದಕ್ಕೊಂದು ಜೋಡಿ ಹಾಕಿದರೆ ಇನ್ನೂರ ಹತ್ತು ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ಅಂಕಿಯನ್ನೂ ತೆಗೆದೆ. ಬಹಳಷ್ಟು ಸೊನ್ನೆಯ ಆಸುಪಾಸಿನಲ್ಲೇ ಇದ್ದವು. ಆ ಹಾಳೆಯನ್ನು ಮುದ್ರಿಸಿ ಪ್ಲಾಸ್ಟಿಕ್ ಹಾಕಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ. ಮೂರು ವರ್ಷದ ದರ ಹಾಕಿಕೊಂಡು ಲೆಕ್ಕ ಮಾಡುವಾಗ ಕೆಲವು ದಿನಗಳು ಅಡ್ಡ ಬಂದವು. ಆ ದಿನಗಳಲ್ಲಿ ಯಾವುದೋ ಸುದ್ದಿಗೆ ಬೆದರಿ ಎಲ್ಲವೂ ಒಟ್ಟಿಗೆ ಬಿದ್ದಿದ್ದವು. ಅವನ್ನು ಸೇರಿಸಿಕೊಂಡರೆ ಅಂಕಿಗಳು ಮೇಲೇರುತ್ತಿದ್ದವು. ಇವು ಮಾಮೂಲಿ ದಿನಗಳಲ್ಲ, ಲೆಕ್ಕ ಕೆಡಿಸುತ್ತವೆ ಎಂದುಕೊಂಡು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆದೆ. ಯಾರೂ ಹೇಳಿರಲಿಲ್ಲ. ಶುಚಿಯಾಗಿ ಕೆಲಸ ಮಾಡುತ್ತಿದ್ದೇನೆ ಎಂಬ ಭಾವನೆಯಲ್ಲೇ ತೆಗೆದೆ.

ಸಿರುಗುಪ್ಪದಲ್ಲಿ ಭತ್ತದ ದಲ್ಲಾಳಿ ಅಂಗಡಿ ಇಟ್ಟಿದ್ದ ಒಬ್ಬರು ನಮ್ಮ ಹಳೆಯ ಗಿರಾಕಿ. ಮಿತಭಾಷಿ. ನನ್ನ ಪಟ್ಟಿ ನೋಡಿ ಇಪ್ಪತ್ತೊಂದನ್ನೂ ಅಷ್ಟಷ್ಟು ಕೊಂಡರು, ಕೈಯಲ್ಲಿದ್ದ ದುಡ್ಡಿಗೆ ಮಾತ್ರ. ಸಂಸ್ಥೆ ಸಾಲ ಕೊಡುತ್ತದೆ, ಇನ್ನಷ್ಟು ಕೊಳ್ಳಬಹುದು ಎಂದಾಗ, “ಹಾಸಿಗಿ ಇದ್ದಷ್ಟು ಕಾಲು ಚಾಚೋರು ನಾವು, ಬ್ಯಾಡ್ರಿ” ಎಂದು ನಕ್ಕರು. ಒಂದು ದಿನ ತಂಗಿಯನ್ನು ಕರೆದುಕೊಂಡು ಬಂದರು. ಆಕೆ ಗಂಡನಿಂದ ದೂರವಾಗಿ ಕುರುಗೋಡಿನಲ್ಲಿ ಬಾಡಿಗೆ ಮನೆಯೊಂದರಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಷೀನು, ಹಿಂದಿನದರಲ್ಲಿ ಸಂಸಾರ; ಸಂಸಾರವೆಂದರೆ ಅವಳೊಬ್ಬಳೇ. ತೆಕ್ಕಲಕೋಟೆಯ ಕಡೆ ತವರಿನ ಹೊಲವೊಂದನ್ನು ಮಾರಿದಾಗ ಅಣ್ಣ ಯಾರೂ ಕೇಳದಿದ್ದರೂ ಅವಳ ಪಾಲನ್ನು ಲೆಕ್ಕ ಹಾಕಿ ಅವಳ ಕೈಗೆ ಕೊಟ್ಟಿದ್ದರು.

“ಅಕ್ಕಾರ, ನಾ ಇರೋ ಮನೀನಾ ಮಾರಾಕ ಹತ್ಯಾರ” ಎಂದಳು ಮೊದಲ ದಿನವೇ. “ಅದನ್ನಾ ನಾನಾ ತೊಗೋಬೇಕಂತ ಆಸಿ. ಈ ರೊಕ್ಕ ಸಾಲಂಗಿಲ್ಲ. ಮಾಲಕರು ಒಂದೂವರಿ ವರ್ಷ ಕಾಯ್ತೀನಂದಾರ.”

ಆಸೆ ಅಷ್ಟೇ. ಕಾಲು ಚಾಚುವುದಕ್ಕೆ ಹಾಸಿಗೆ ಒಂದು ಮಾರು ಕಡಿಮೆ. ಅಣ್ಣ ಕೆಳಗೆ ಬೈಕು ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ನಾನು ಅವಳಿಗೆ ಸಾಲದ ಸೌಲಭ್ಯದ ಬಗ್ಗೆ ಹೇಳಿದೆ. ನಿನ್ನದು ಐವತ್ತು ರೂಪಾಯಿ, ಸಂಸ್ಥೆಯದು ಐವತ್ತು, ಒಟ್ಟು ನೂರು ರೂಪಾಯಿಯ ಶೇರು. ಶೇರು ಸಂಸ್ಥೆಯ ಬಳಿ ಒತ್ತೆ. ಏರಿದರೆ ಲಾಭ ಎರಡರಷ್ಟು, ಇಳಿದರೆ ನಷ್ಟವೂ ಎರಡರಷ್ಟು. ಇದೆಲ್ಲವನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಆಮೇಲೆ ಗಾಜಿನ ಕೆಳಗಿನ ಹಾಳೆಯನ್ನು ತೋರಿಸಿದೆ.

“ಒಂದಾ ಶೇರು ಆಗಿದ್ರ ನಾನಾ ಬ್ಯಾಡ ಅಂತಿದ್ದೆ ನೋಡವಾ. ಇಲ್ಲಿ ಇಪ್ಪತ್ತೊಂದು ಅದಾವು. ಒಂದು ಬಿದ್ರ ಇನ್ನೊಂದು ಹಿಡಿತೈತಿ. ಇನ್ನೂರಾ ಹತ್ತು ಜೋಡಿ ನಾನಾ ಕುಂತು ನೋಡೀನಿ.”

ಅವಳು ಹಾಳೆಯನ್ನು ಬಟ್ಟೆಯ ಅಳತೆ ನೋಡುವವರ ಹಾಗೆ ಬೆರಳಿನಿಂದ ಸವರಿದಳು. ಸಹಿ ಹಾಕಿದಳು. ಹಂಚಿದ್ದೇನೆ ಎಂಬ ಧೈರ್ಯವೇ ಸಾಲಕ್ಕೆ ಪರವಾನಗಿಯಾಯಿತು. ನನ್ನ ತಪ್ಪಿಗೆ ಇಷ್ಟುದ್ದ ವಿವರಣೆ ಬೇಕಿಲ್ಲ, ಈ ಒಂದು ವಾಕ್ಯ ಸಾಕು.

ವರ್ಷ ಚೆನ್ನಾಗಿಯೇ ನಡೆಯಿತು. ಸಿಮೆಂಟು ಇಳಿದರೆ ಸೋಪು ಏರುತ್ತಿತ್ತು, ಬೈಕು ಕುಂಟಿದರೆ ಔಷಧಿ ಎತ್ತಿಕೊಳ್ಳುತ್ತಿತ್ತು. ಅವಳು ತಿಂಗಳಿಗೊಮ್ಮೆ ಕುರುಗೋಡಿನ ಬಸ್ಸಿಳಿದು ಬರುತ್ತಿದ್ದಳು, ಯಾರಿಗೋ ಹೊಲಿದ ರವಿಕೆಯ ಚೂರುಗಳಲ್ಲಿ ಮಾಡಿದ ಕೈಚೀಲ ಹಿಡಿದು. ನನಗೂ ಒಂದು ಕೊಟ್ಟಿದ್ದಳು. ಮನೆಗೆ ಮುಂಗಡವಾಗಿ ಸಂಚಕಾರ ಕೊಟ್ಟಾಯಿತು, ಯುಗಾದಿ ಮುಗಿದ ಮೇಲೆ ನೋಂದಣಿ ಎಂದು ನಿಶ್ಚಯವಾಯಿತು.

ಅದು ಕೊರೊನಾ ಬಂದ ವರ್ಷ. ಫೆಬ್ರವರಿಯ ಕೊನೆಗೆ ಮಾರುಕಟ್ಟೆ ಸ್ವಲ್ಪ ಜಾರಿದಾಗ ಅವಳ ಫೋನು ಬಂತು.

“ಅಕ್ಕಾರ, ಟಿವ್ಯಾಗ ಏನೇನೋ ಹೇಳಾಕ ಹತ್ಯಾರ. ತೆಗದಾ ಬಿಡೂಣೇನ್ರೀ? ಈಗಿನ ರೇಟಿಗೆ ಮನಿಗೆ ಸಾಲತೈತಿ, ಬರೋಬರಿ ಆಗತೈತಿ.”

ಸಾಲುತ್ತಿತ್ತು. ನಾನೇ ಲೆಕ್ಕ ಹಾಕಿ ನೋಡಿದೆ, ಅವಳು ಹೇಳಿದ್ದು ನಿಜ. ಆದರೂ, “ಇನ್ನೊಂದು ತಿಂಗಳೈತಲ್ಲ, ನೋಂದಣಿ ಖರ್ಚೂ ಹುಟ್ಟತೈತಿ, ತಡಿ” ಎಂದೆ. “ಎಲ್ಲಾ ಒಮ್ಮಿಗೇ ಬೀಳಾಕ ಅವೇನು ಮಾತಾಡ್ಕೊಂಡಾವೇನ?” ಎಂದು ನಗಿಸಿದೆ. ಅವಳು ನಕ್ಕಳು. ಆ ನಗು ಕೇಳಿ ಫೋನಿಟ್ಟು ಊಟದ ಡಬ್ಬಿ ತೆಗೆದದ್ದು ನೆನಪಿದೆ. ಅವ್ವ ಹೆಸರುಕಾಳಿನ ಪಲ್ಯ ಕಟ್ಟಿದ್ದಳು.

ಮಾರ್ಚಿನ ಎರಡನೇ ವಾರದ ಶುಕ್ರವಾರ ಮಾರುಕಟ್ಟೆ ತೆರೆದ ಕೆಲವೇ ನಿಮಿಷಗಳಲ್ಲಿ ನೂರಕ್ಕೆ ಹತ್ತರಷ್ಟು ಕುಸಿದು ವ್ಯವಹಾರ ತಾನಾಗಿ ನಿಂತಿತು. ಹಾಗೆ ನಿಲ್ಲಿಸುವ ನಿಯಮವಿದೆ ಎಂದು ಪರೀಕ್ಷೆಗೆ ಓದಿದ್ದೆ. ನನ್ನ ಪರದೆಯ ಮೇಲೆ ಅದನ್ನು ಕಂಡದ್ದು ಅಂದೇ. ಇಪ್ಪತ್ತೊಂದು ಸಾಲುಗಳೂ ಕೆಂಪು. ಸೋಪೂ ಕೆಂಪು, ಸಿಮೆಂಟೂ ಕೆಂಪು. ಮುಕ್ಕಾಲು ಗಂಟೆಯ ನಂತರ ಮತ್ತೆ ತೆರೆದು ಅಂದು ಚೇತರಿಸಿಕೊಂಡಿತು, ಆದರೆ ಮುಂದಿನ ವಾರ ಗುರುವಾರದ ತನಕ ದಿನವೂ ಇಳಿಯಿತು.

ಸೋಪಿಗೂ ಕೊರೊನಾಕ್ಕೂ ಏನು ಸಂಬಂಧ? ಜನ ಕೈ ತೊಳೆಯುತ್ತಲೇ ಇದ್ದರು, ಹಿಂದೆಂದಿಗಿಂತ ಹೆಚ್ಚಾಗಿ. ಇದು ನನಗೆ ಆಗ ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಆ ದಿನಗಳಲ್ಲಿ ಯಾರೂ ಸೋಪಿನ ಕಂಪನಿಯನ್ನು ಮಾರುತ್ತಿರಲಿಲ್ಲ, ಎಲ್ಲರೂ ನಗದನ್ನು ಕೊಳ್ಳುತ್ತಿದ್ದರು. ಹೊರದೇಶದ ಫಂಡುಗಳಿಗೆ ಅಲ್ಲಿಯವರ ದುಡ್ಡು ಮರಳಿಸಬೇಕಿತ್ತು. ಸಾಲ ಮಾಡಿ ಕೊಂಡವರಿಗೆ ಸಾಲ ಮುಚ್ಚಬೇಕಿತ್ತು. ಹಾಗೆ ದುಡ್ಡು ಬೇಕಾದವನು ಯಾವುದು ಕೆಟ್ಟದ್ದು ಎಂದು ನೋಡುವುದಿಲ್ಲ, ಯಾವುದಕ್ಕೆ ಕೊಳ್ಳುವವರಿದ್ದಾರೆ ಎಂದು ನೋಡುತ್ತಾನೆ. ಕೊಳ್ಳುವವರಿದ್ದದ್ದು ಒಳ್ಳೆಯವಕ್ಕೇ. ಹಾಗಾಗಿ ಒಳ್ಳೆಯವೂ ಬಿದ್ದವು. ಎಲ್ಲರೂ ಆಸರೆ ಎನ್ನುವ ಚಿನ್ನ ಕೂಡ ಕೆಲವು ದಿನ ಜಾರಿತು. ನನ್ನ ಇಪ್ಪತ್ತೊಂದು ಕಂಪನಿಗಳು ಬೇರೆಬೇರೆ ಇದ್ದವು, ಅವನ್ನು ಕೈಯಲ್ಲಿ ಹಿಡಿದವರು ಮಾತ್ರ ಅದೇ ಜನ.

ಮುಖ್ಯ ಕಚೇರಿಯಿಂದ ಅವಳ ಖಾತೆಗೆ ನೋಟಿಸು ಬಂತು. ನೂರಿದ್ದ ಶೇರು ಎಪ್ಪತ್ತಕ್ಕೆ ಇಳಿದರೂ ಸಂಸ್ಥೆಯ ಐವತ್ತು ಐವತ್ತೇ. ಅವಳದು ಇಪ್ಪತ್ತು ಉಳಿಯಿತು, ಅಷ್ಟು ಸಾಲದು, ತುಂಬು ಎನ್ನುತ್ತದೆ ನಿಯಮ. ಅವಳು ಬೆಂಡೋಲೆ, ಬಳೆ ಒತ್ತೆಯಿಟ್ಟು ಬಂದ ದುಡ್ಡನ್ನು ತುಂಬಿದಳು. ಬರಿಗಿವಿಯಲ್ಲಿ ನನ್ನ ಮುಂದೆ ಕೂತು, “ಇದರಾಗ ನಿಂದರತೈತೇನ್ರೀ ಅಕ್ಕಾರ?” ಎಂದಳು. ಅರ್ಧದಷ್ಟನ್ನು ಈಗಲೇ ಮಾರಿ ಸಾಲ ತೀರಿಸಿಬಿಡು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ಬಿದ್ದ ಮೇಲೆ ಇನ್ನೆಲ್ಲಿ ಬೀಳುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ವಾರದ ಕೊನೆಯ ದಿನ ಮಾರುಕಟ್ಟೆ ತುಸು ಏರಿತು. ಕಂಡೆಯಾ ಎಂದು ನಾನೇ ಫೋನು ಮಾಡಿ ಹೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸೋಮವಾರ ಬೀದಿ ಅರ್ಧ ಮುಚ್ಚಿತ್ತು. ಕಚೇರಿಗೆ ಬಂದದ್ದು ನಾನು ಮತ್ತು ಶಾಖೆಯ ಯಜಮಾನರು, ಇಬ್ಬರೇ. ಮಾರುಕಟ್ಟೆ ಮತ್ತೆ ಹತ್ತರಷ್ಟು ಬಿದ್ದು ಮತ್ತೆ ನಿಂತಿತು. ಈ ಸಲ ತೆರೆದ ಮೇಲೂ ಏಳಲಿಲ್ಲ, ಇನ್ನೂ ಇಳಿಯಿತು. ಮುಖ್ಯ ಕಚೇರಿಯವರು ಯಾರನ್ನೂ ಕೇಳದೆ ಮಾರತೊಡಗಿದರು. ಆ ಹಕ್ಕನ್ನು ಗಿರಾಕಿ ಸಹಿಯಲ್ಲೇ ಕೊಟ್ಟಿರುತ್ತಾನೆ. ಅವಳ ಸಾಲುಗಳು ನನ್ನ ಕಣ್ಣೆದುರು ಒಂದೊಂದಾಗಿ ಅಳಿಸಿಹೋದವು. ಮೊದಲು ಔಷಧಿ, ಆಮೇಲೆ ಸೋಪು. ಎಲ್ಲಕ್ಕಿಂತ ಕಡಿಮೆ ಬಿದ್ದವು ಅವೇ, ಕೊಳ್ಳುವವರಿದ್ದದ್ದೂ ಅವಕ್ಕೇ. ಹೋಟೆಲಿನದಕ್ಕೂ ಮನೆ ಸಾಲದ ಕಂಪನಿಯದಕ್ಕೂ ಕೊಳ್ಳುವ ಒಬ್ಬನೂ ಇರಲಿಲ್ಲ, ಅವು ಮರುದಿನ ಸಿಕ್ಕ ಬೆಲೆಗೆ ಹೋದವು.

ನಡುವೆ ಅವಳ ಫೋನು ಬಂತು.

“ಎಷ್ಟು ಉಳದಾವ್ರೀ?”

“ಒಂಬತ್ತು.”

“ಇಪ್ಪತ್ತೊಂದು ಇದ್ದವಲ್ರೀ.”

“ಇದ್ದವು.”

ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೊಲಿಯುತ್ತಲೇ ಇದ್ದಳು. ನಾನು ಅಳಲಿಲ್ಲ. ಅಳು ಬರಬೇಕಿತ್ತು ಎಂದು ಗೊತ್ತಿತ್ತು, ಬರಲಿಲ್ಲ. ಯಜಮಾನರು ಚಹಾ ಮಾಡಿಕೊಂಡು ಬಂದು ಕೊಟ್ಟರು, ಕುಡಿದೆ. ಸಕ್ಕರೆ ಹಾಕಿದ್ದರೋ ಇಲ್ಲವೋ ನೆನಪಿಲ್ಲ.

ಎಲ್ಲ ಮುಗಿದಾಗ ಸಂಸ್ಥೆಯ ಸಾಲ ಪೂರ್ತಿ ತೀರಿತ್ತು. ಅವಳ ಪ್ರತಿ ಐವತ್ತರಲ್ಲಿ ಹತ್ತೋ ಹನ್ನೊಂದೋ ಉಳಿಯಿತು, ಒಡವೆಯ ದುಡ್ಡನ್ನೂ ಸೇರಿಸಿ. ಅದರ ಮರುದಿನ ಯುಗಾದಿ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಅವ್ವ ಬೇವು ಬೆಲ್ಲ ಕೊಟ್ಟಳು. ಎರಡೂ ನಾಲಿಗೆಗೆ ಒಂದೇ ತರಹ ತಾಗಿದವು.

ಲಾಕ್‌ಡೌನಿನ ಒಂದು ಮಧ್ಯಾಹ್ನ ಮತ್ತೆ ಇನ್ನೂರ ಹತ್ತು ಜೋಡಿಗಳ ಲೆಕ್ಕ ಮಾಡಿದೆ, ಆ ಮಾರ್ಚ್ ತಿಂಗಳ ದರಗಳನ್ನು ಮಾತ್ರ ಹಾಕಿ. ಅಂಕಿಗಳು ಹತ್ತಿರ ಹತ್ತಿರ ಒಂದಕ್ಕೇ ಬಂದು ನಿಂತವು. ಆರಿಸಿ ಬಿಸಾಕಿದ್ದ ಹಳೆಯ ದಿನಗಳನ್ನೂ ಹುಡುಕಿ ನೋಡಿದೆ. ಅವೂ ಇದನ್ನೇ ಹೇಳುತ್ತಿದ್ದವು. ಶಾಂತ ದಿನಗಳಲ್ಲಿ ಈ ಪಟ್ಟಿ ಇಪ್ಪತ್ತೊಂದು. ಗಾಬರಿಯ ದಿನ ಅದು ಒಂದೇ ದೊಡ್ಡ ಶೇರು, ಅದೂ ಅರ್ಧ ಸಾಲದ್ದು. ಹಂಚಿಕೆ ಸುಳ್ಳಲ್ಲ. ಒಂದು ಕಂಪನಿ ಮುಳುಗಿದರೆ ಅದು ಖಂಡಿತ ಕಾಯುತ್ತಿತ್ತು. ನಾನು ಅದರಿಂದ ಅದಕ್ಕಾಗದ ಕೆಲಸವನ್ನು ನಿರೀಕ್ಷಿಸಿದೆ. ಇದನ್ನು ತಿಳಿದುಕೊಂಡು ಲ್ಯಾಪ್‌ಟಾಪ್ ಮುಚ್ಚಿ ಬಟ್ಟೆ ಮಡಚಿದೆ. ಕೋಪ ಬರಲಿಲ್ಲ, ದುಃಖವೂ ಬರಲಿಲ್ಲ. ಕೈ ಜೋಮು ಹಿಡಿದಾಗ ಅದು ಬೇರೆಯವರದೆನಿಸುತ್ತದಲ್ಲ, ಆ ತಿಂಗಳುಗಳಲ್ಲಿ ನಾನು ಪೂರ್ತಿ ಹಾಗೆಯೇ ಇದ್ದೆ.

ಬಸ್ಸು ಓಡತೊಡಗಿದ ಮೇಲೆ ಸಿರುಗುಪ್ಪಕ್ಕೆ ಹೋದೆ, ಅವಳ ಅಣ್ಣನ ಬೈಗುಳ ತಿಂದು ಬರೋಣವೆಂದು. ಬೈದಿದ್ದರೆ ಒಳ್ಳೆಯದಿತ್ತು. ಅವರು ಅಂಗಡಿಯಲ್ಲಿ ಭತ್ತದ ಮಾದರಿಯನ್ನು ಅಂಗೈಯಲ್ಲಿ ಉಜ್ಜಿ ಊದಿ ನೋಡುತ್ತಿದ್ದರು. ಕುರ್ಚಿ ತೋರಿಸಿದರು. ನಾನು ಹೇಳುವುದನ್ನೆಲ್ಲ ಕೇಳಿದರು.

“ನನ್ನವೂ ಅರ್ಧ ಹೋಗಿದ್ವು ಮೇಡಂ, ಈಗ ಮೇಲಕ್ಕ ಬರಾಕ ಹತ್ಯಾವು” ಎಂದರು. “ನಂದೇನು, ಸಾಲ ಇಲ್ಲ, ಯಾರೂ ಮಾರ್ಸಂಗಿಲ್ಲ. ಸುಮ್ನ ಕುಂತೆ.”

ಆಮೇಲೆ ಮಾದರಿಯ ಕಾಳನ್ನು ಚೀಲಕ್ಕೆ ಸುರಿಯುತ್ತ, “ನಮ್ಮ ಹೊಲ ನಾಕು ಊರಾಗ ಇದ್ವು. ಒಂದು ವರ್ಷ ಮ್ಯಾಲೆ ಕಾಲುವಿ ಒಡೀತು. ನಾಕೂ ಒಮ್ಮಿಗೇ ಒಣಗಿದ್ವು. ಊರು ಬ್ಯಾರೆ ಆದ್ರೇನ್ರೀ, ನೀರು ಅದಾ ಕಾಲುವೀದು” ಎಂದರು.

“ಇದನ್ನ ಅವತ್ತಾ ಯಾಕ ಹೇಳಲಿಲ್ಲ ನೀವು?” ನನ್ನ ದನಿ ಏರಿತು. ಎಷ್ಟೋ ದಿನಗಳ ಮೇಲೆ ಸಿಟ್ಟು ಬಂದದ್ದು ಆಗಲೇ, ಅದೂ ಆ ಬಡಪಾಯಿಯ ಮೇಲೆ.

“ನೀವು ಕಂಪ್ಯೂಟರ್ ನೋಡಿ ಹೇಳಿದ್ರಿ. ನಾ ಏನಂತ ಹೇಳ್ಲಿ?” ಎಂದರು. ತಂಗಿ ಸಾಲ ತೆಗೆದದ್ದು ತಮಗೆ ಗೊತ್ತೇ ಇರಲಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ನನಗೆ ಅದು ಗೊತ್ತಿತ್ತು.

ಕುರುಗೋಡಿಗೆ ಹೋಗಲು ಮಾತ್ರ ನನಗೆ ಇನ್ನೂ ಏಳೆಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಾರುಕಟ್ಟೆ ಹಳೆಯ ಮಟ್ಟವನ್ನು ದಾಟಿತ್ತು. ಪಟ್ಟಿಯ ಶೇರುಗಳಲ್ಲಿ ಬಹುಪಾಲು ಮೇಲೆದ್ದು ಕೂತಿದ್ದವು, ಅವಳ ಖಾತೆಯಲ್ಲಿ ಮಾತ್ರ ಏಳುವುದಕ್ಕೆ ಏನೂ ಉಳಿದಿರಲಿಲ್ಲ. ಮನೆಯನ್ನು ಮಾಲೀಕರು ಬೇರೆಯವರಿಗೆ ಮಾರಿದ್ದರು, ಸಂಚಕಾರವನ್ನು ಪಾಪ ಮರಳಿಸಿದ್ದರು. ಅವಳು ಎರಡು ಬೀದಿ ಆಚೆ ಒಂದೇ ಕೋಣೆಗೆ ಬಂದಿದ್ದಳು. ಮಷೀನು ಹಾಸಿಗೆಗೆ ತಾಗಿಕೊಂಡೇ ಇತ್ತು. ನನ್ನನ್ನು ಹಾಸಿಗೆಯ ಮೇಲೆ ಕೂಡಿಸಿ ತಾನು ಮಷೀನಿನ ಸ್ಟೂಲಿನ ಮೇಲೆ ಕೂತಳು.

ಕ್ಷಮೆ ಕೇಳಲು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಮೊದಲು ಅವಳೇ ಮಾತಾಡಿದಳು.

“ನಿಮ್ಮನ್ನ ನೆನಿಸಿಕೊಂಡ್ರ ಸಂಕಟ ಆಕ್ಕಿತ್ರೀ ಅಕ್ಕಾರ. ನಂದು ಒಂದು ಮನಿ ಹೋತು. ನಿಮಗ ವಯಸ್ಸಾದ ಅವ್ವ ಅದಾರ, ಮತ್ತ ಯಾರೂ ಇಲ್ಲ. ನಿಮ್ಮವು ಎಷ್ಟು ಹೋದವ್ರೀ?”

ಇಷ್ಟು ದಿನ ಅವಳು ಹಾಗೆ ತಿಳಿದಿದ್ದಳು. ನಾನು ತೋರಿಸಿದ ಪಟ್ಟಿಯಲ್ಲಿ ನನ್ನ ದುಡ್ಡೂ ಇತ್ತು, ಅವಳು ಬಿದ್ದ ಕಡೆಯೇ ನಾನೂ ಬಿದ್ದಿದ್ದೇನೆ ಎಂದು. ನನ್ನ ಸಂಬಳದ ಉಳಿತಾಯ ಒಂದು ಪೈಸೆಯೂ ಬಿಡದೆ ಬ್ಯಾಂಕಿನ ಠೇವಣಿಯಲ್ಲಿತ್ತು. ಹದಿನಾಲ್ಕು ವರ್ಷವೂ ಅಲ್ಲೇ ಇತ್ತು. ಯಾಕೆ ಎಂದು ನನ್ನನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸುಳ್ಳು ಹೇಳಿಬಿಡುವ ಆಸೆಯಾಯಿತು. ನಂದೂ ಹೋಯಿತು ತಂಗಿ ಎಂದು ಇಬ್ಬರೂ ಅತ್ತುಬಿಡಬಹುದಿತ್ತು.

“ನಂದು ಅಲ್ಲಿ ಇರಲೇ ಇಲ್ಲವಾ” ಎಂದೆ. “ಎಲ್ಲಾ ಬ್ಯಾಂಕಿನಾಗ ಐತಿ.”

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಅವಳ ಮುಖದಲ್ಲಿ ಮೆಲ್ಲಗೆ ಬಿಗಿ ಸಡಿಲಿತು, ಯಾರದೋ ಜ್ವರ ಬಿಟ್ಟಿತು ಎಂದು ಕೇಳಿದವರ ಹಾಗೆ.

“ಚಲೋ ಆತು ಬಿಡ್ರೀ ಅಕ್ಕಾರ,” ಎಂದಳು, “ಒಬ್ಬರದಾದ್ರೂ ಉಳೀತಲ್ಲ.”